ಪ್ರಾಜೆಕ್ಟ್ ಪೂರ್ತಿ ಒಂದೇ ಸ್ಲೈಡಲ್ಲಿ: ಟ್ಯಾಂಕ್ ನೀರಿನ ಉದಾಹರಣೆ

ಪೋಸ್ಟರ್ ಮೇಳಕ್ಕೆ ಒಂದೇ ಸ್ಲೈಡ್ ಮಾಡ್ಕೊಂಡು ಬನ್ನಿ ಅಂದ್ರೆ ಹೆಚ್ಚಿನವರು ಮಾಡೋದು ಇಷ್ಟೇ, ರಿಪೋರ್ಟ್ ತೆಗೆದು ಒಂದೊಂದು ಅಧ್ಯಾಯದಿಂದ ಒಂದೊಂದು ಪ್ಯಾರಾ ಎತ್ತಿ ಹಾಕೋದು, ಜಾಗ ಸಾಲ್ದಿದ್ರೆ ಅಕ್ಷರ ಸಣ್ಣ ಮಾಡೋದು. ಹೀಗೆ ಮಾಡಿದ್ರೆ ರಿಪೋರ್ಟ್ ಕುಗ್ಗುತ್ತೆ ಹೊರತು ಓದೋರಿಗೆ ಏನೂ ಸಿಗಲ್ಲ. ಒಂದು ಉದಾಹರಣೆ ಇಟ್ಕೊಂಡು ನೋಡೋಣ, ಇದರ ಅಂಕಿಗಳು ಅರ್ಥ ಆಗ್ಲಿ ಅಂತ ನಾನೇ ಕಟ್ಟಿದ್ದು.

ಮುಂಬೈ ಹತ್ರದ ಡೊಂಬಿವಲಿ ಕಡೆ ಒಂದು ಗುಂಪು 12 ಬಿಲ್ಡಿಂಗಲ್ಲಿ ನೀರಿನ ಕ್ಲೋರಿನ್ ನೋಡಿದೆ ಅನ್ಕೊಳ್ಳಿ. ನಮ್ಮ ಸೊಸೈಟಿಗಳ ಕಥೆ ಗೊತ್ತೇ ಇದೆಯಲ್ಲ, ಪಾಲಿಕೆ ನೀರು ಮೊದ್ಲು ಕೆಳಗಿನ ಟ್ಯಾಂಕಿಗೆ, ಅಲ್ಲಿಂದ ಪಂಪಲ್ಲಿ ಟೆರೇಸ್ ಟ್ಯಾಂಕಿಗೆ, ಆಮೇಲೆ ಮನೆ ನಲ್ಲಿಗೆ. ನೀರು ನಿಂತಷ್ಟೂ ಕ್ಲೋರಿನ್ ಕಮ್ಮಿ ಆಗುತ್ತೆ, ತಳದಲ್ಲಿ ಕೆಸರಿದ್ರೆ ಇನ್ನೂ ಬೇಗ. ಇವರು ಪಾಲಿಕೆ ಪೈಪ್ ಒಳಗೆ ಬರೋ ಜಾಗದಲ್ಲಿ ಒಂದು ಸ್ಯಾಂಪಲ್, ಮೇಲಿನ ಮಹಡಿ ನಲ್ಲಿಯಲ್ಲಿ ಒಂದು ಸ್ಯಾಂಪಲ್ ತಗೊಂಡು ಡಿಪಿಡಿ ಕಿಟ್ಟಲ್ಲಿ ನೋಡಿದ್ದಾರೆ, ಮಾತ್ರೆ ಹಾಕಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಅದನ್ನ ಬಣ್ಣದ ಪಟ್ಟಿ ಜೊತೆ ಹೋಲಿಸೋದು. ಕ್ಲೋರಿನ್ ಹಾಕಿದ ಕುಡಿಯೋ ನೀರಲ್ಲಿ ಬಳಕೆದಾರರ ಕಡೆ ಕನಿಷ್ಠ 0.2 ಮಿಲಿಗ್ರಾಂ ಪ್ರತಿ ಲೀಟರ್ ಉಳಿದಿರಬೇಕು ಅಂತ ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುತ್ತೆ.

ಈಗ ಶೀರ್ಷಿಕೆ. "ವಸತಿ ಕಟ್ಟಡಗಳ ನೀರಿನಲ್ಲಿ ಕ್ಲೋರಿನ್ ಪ್ರಮಾಣದ ಅಧ್ಯಯನ" ಅಂತ ಬರೆದ್ರೆ ಏನು ಹುಡುಕಿದ್ರಿ ಅಂತ ಗೊತ್ತಾಗುತ್ತೆ, ಏನು ಸಿಕ್ತು ಅಂತ ಗೊತ್ತಾಗಲ್ಲ. "12ರಲ್ಲಿ 9 ಬಿಲ್ಡಿಂಗಿನ ನಲ್ಲಿಗೆ ಬರೋಷ್ಟರಲ್ಲಿ ಕ್ಲೋರಿನ್ ಮಿತಿಗಿಂತ ಕೆಳಗೆ" ಅಂತ ಹಾಕಿ, ಕ್ರಿಯಾಪದ ಇಲ್ದಿದ್ರೂ ನಡೀತದೆ, ಉತ್ತರ ಮಾತ್ರ ಇರ್ಲೇಬೇಕು. ಈ ಸಾಲು ಬರೆಯೋಕೆ ಆಗ್ತಿಲ್ಲ ಅಂದ್ರೆ ತೊಂದರೆ ಸ್ಲೈಡಿಂದಲ್ಲ, ಪ್ರಾಜೆಕ್ಟಿಂದ ಏನು ಬಂತು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ.

ಶೀರ್ಷಿಕೆ ಆದ್ಮೇಲೆ ಒಂದೇ ಒಂದು ಗ್ರಾಫ್, ಎಲ್ಲರೂ ಎಡವೋದು ಇಲ್ಲೇ. ಜಾಗ ಉಳಿಸೋಕೆ ಸರಾಸರಿ ತೆಗೆದು ಎರಡು ಕಂಬ ನಿಲ್ಲಿಸಿಬಿಡ್ತಾರೆ. ಲೆಕ್ಕ ಹಾಕಿ ನೋಡಿ, 9 ನಲ್ಲಿಗಳಲ್ಲಿ 0.1, ಉಳಿದ 3ರಲ್ಲಿ 0.5, 0.5, 0.6 ಇದ್ರೆ ಒಟ್ಟು 2.5, ಅದನ್ನ 12ರಿಂದ ಭಾಗಿಸಿದ್ರೆ ಸುಮಾರು 0.21. ಅಂದ್ರೆ ಸರಾಸರಿ ಮಿತಿಗಿಂತ ಮೇಲೇ ಇದೆ, ನಿಮ್ಮ ಶೀರ್ಷಿಕೆಗೆ ನಿಮ್ಮ ಗ್ರಾಫೇ ಉಲ್ಟಾ ಹೊಡೀತು! ಅದರ ಬದ್ಲು ಪ್ರತಿ ಬಿಲ್ಡಿಂಗಿಗೂ ಒಂದು ಗೆರೆ ಎಳೀರಿ, ಎಡಕ್ಕೆ ಪೈಪಿನ ಅಳತೆ, ಬಲಕ್ಕೆ ನಲ್ಲಿ ಅಳತೆ, 0.2 ಹತ್ರ ಅಡ್ಡಕ್ಕೆ ಒಂದು ಕೆಂಪು ಗೆರೆ. ಒಂಬತ್ತು ಗೆರೆ ಕೆಂಪಿನ ಕೆಳಗೆ ಬೀಳೋದು, ಮೂರು ಮೇಲೇ ಉಳಿಯೋದು ನೋಡಿದ ಕೂಡ್ಲೇ ಕಾಣುತ್ತೆ. ನಿಂತು ಕೇಳೋರು ಆ ಮೂರರ ಬಗ್ಗೆನೇ ಕೇಳ್ತಾರೆ ನೋಡಿ, ಅವುಗಳ ಟ್ಯಾಂಕ್ ಚಿಕ್ಕದಾ, ನೀರು ದಿನಾ ಖಾಲಿ ಆಗುತ್ತಾ ಅಂತ.

ವಿಧಾನಕ್ಕೆ ಪ್ಯಾರಾ ಬೇಡ, ಪೈಪ್, ಎರಡು ಟ್ಯಾಂಕ್, ನಲ್ಲಿ, ಇಷ್ಟು ಸಣ್ಣ ಚಿತ್ರ ಬರೆದು ಸ್ಯಾಂಪಲ್ ತಗೊಂಡ ಎರಡು ಜಾಗಕ್ಕೆ ಚುಕ್ಕಿ ಇಟ್ರೆ ಸಾಕು. ಹಳೇ ಸಂಶೋಧನೆ, ಕೃತಜ್ಞತೆ, ಕಾಲೇಜಿನ ದೊಡ್ಡ ಲೋಗೋ ಎಲ್ಲ ತೆಗೀರಿ, ಗೈಡ್ ಸರ್ ಮುಖ ಊದಿಸ್ಕೊಂಡ್ರೆ ಹೆಸ್ರು ಮಾತ್ರ ಒಂದು ಮೂಲೆಯಲ್ಲಿ ಇರ್ಲಿ. ಆದ್ರೆ ನಿಮ್ಮ ಅಧ್ಯಯನದ ಇತಿಮಿತಿ ಹೇಳೋ ಸಾಲು ತೆಗೀಬೇಡಿ: ಒಂದೇ ಋತು, 12 ಬಿಲ್ಡಿಂಗ್, ಬಣ್ಣ ನೋಡಿದ್ದು ಕಣ್ಣಲ್ಲಿ, ಹಾಗಾಗಿ 0.1ಕ್ಕೂ 0.2ಕ್ಕೂ ವ್ಯತ್ಯಾಸ ಅಷ್ಟು ಗಟ್ಟಿ ಅಲ್ಲ. ಇದು ನಿಮ್ಮ ಮುಖ್ಯ ಮಾತಿಗೇ ತಾಗೋ ವಿಷಯ, ಬಚ್ಚಿಟ್ರೆ ಯಾರಾದ್ರೂ ಕೆದಕೇ ಕೆದಕ್ತಾರೆ.

ಅಳತೆ ವಿಷಯ. ಪವರ್‌ಪಾಯಿಂಟಿನ ಮಾಮೂಲಿ ಸ್ಲೈಡ್ ಅಗಲ 33.87 ಸೆಂಟಿಮೀಟರ್, ಎ1 ಹಾಳೆ ಅಡ್ಡಕ್ಕೆ 84.1, ಪ್ರಿಂಟ್ ಮಾಡಿದ್ರೆ ಎರಡೂವರೆ ಪಟ್ಟು ಹಿಗ್ಗುತ್ತೆ. ವಾಟ್ಸಾಪಲ್ಲಿ ಬಂದ ಫೋಟೋನೂ ಅಷ್ಟೇ ಹಿಗ್ಗಿ ಮಸುಕಾಗುತ್ತೆ, ಸಾಲದ್ದಕ್ಕೆ ಸ್ಲೈಡಿನ ಆಕಾರವೂ ಹಾಳೆಗೆ ಹೊಂದಲ್ಲ, ಮೇಲೆ ಕೆಳಗೆ ಬಿಳಿ ಪಟ್ಟಿ ಉಳಿಯುತ್ತೆ. ಅದಕ್ಕೇ ಶುರುವಿನಲ್ಲೇ ಸ್ಲೈಡ್ ಸೈಜ್ 84.1 ಮತ್ತು 59.4 ಅಂತ ಹಾಕ್ಬಿಡಿ. ಪ್ರಿಂಟ್ ಅಂಗಡಿಗೆ ಪಿಡಿಎಫ್ ಮಾಡೇ ಕೊಡಿ, ಅವರ ಕಂಪ್ಯೂಟರಲ್ಲಿ ಕನ್ನಡ ಫಾಂಟ್ ಇಲ್ದಿದ್ರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಅದಕ್ಕೂ ಮೊದ್ಲು ಎ4ಲ್ಲಿ ಒಂದು ಪ್ರಿಂಟ್ ತಗೊಳ್ಳಿ, ಅದು ಎ1ಗಿಂತ ಉದ್ದಗಲದಲ್ಲಿ ಸುಮಾರು 2.8 ಪಟ್ಟು ಚಿಕ್ಕದು, ಕೈಯಲ್ಲಿ 45 ಸೆಂಟಿಮೀಟರ್ ದೂರ ಹಿಡಿದ್ರೆ ದೊಡ್ಡ ಪೋಸ್ಟರನ್ನ ಒಂದೂಕಾಲು ಮೀಟರ್ ಆಚೆ ನಿಂತು ನೋಡಿದ ಹಾಗೆ. ಅದರಲ್ಲಿ ಗ್ರಾಫಿನ ಅಂಕಿ ಓದೋಕೆ ಕಣ್ಣು ಕಿರಿದು ಮಾಡ್ಬೇಕಾದ್ರೆ ಅಕ್ಷರ ದೊಡ್ಡದು ಮಾಡಿ, ಜಾಗ ಇಲ್ಲ ಅಂದ್ರೆ ಇನ್ನೊಂದು ವಾಕ್ಯ ಹೊಡೆದು ಹಾಕಿ. 12 ಬಿಲ್ಡಿಂಗಿನ ಪೂರ್ತಿ ಟೇಬಲ್ ಬೇರೆ ಹಾಳೆಯಲ್ಲಿ ಕೈಲಿರ್ಲಿ, ಆ ಮೂರರ ಬಗ್ಗೆ ಕೇಳಿದ್ರೆ ತೋರಿಸೋಕೆ.