ಅಲ್ಯೂಮಿನಿಯಂ ಎಂದು ಬರೆದರೆ ಉಕ್ಕು ಸೇರುವುದಿಲ್ಲ: ಪೇಟೆಂಟ್ ಸಾರಾಂಶ ಬರೆಯುವ ಬಗೆ

ಪೇಟೆಂಟ್ ಓದಲು ಕೂತಾಗ ಮೊದಲು ಸಿಗುವುದು ಸಾರಲೇಖ, ಚಿತ್ರಗಳು, ಆಮೇಲೆ ಉದ್ದನೆಯ ವಿವರಣೆ. ಕ್ಲೈಮ್‌ಗಳು, ಅಂದರೆ ಹಕ್ಕಿನ ಗಡಿಯನ್ನು ಹೇಳುವ, ಸಂಖ್ಯೆ ಹಾಕಿದ ಆ ಬಿಗಿಯಾದ ವಾಕ್ಯಗಳು, ಅಮೆರಿಕದ ಪೇಟೆಂಟ್‌ಗಳಲ್ಲಿ ಕೊನೆಗೆ ಬರುತ್ತವೆ. ಅಷ್ಟು ಹೊತ್ತಿಗೆ ನಮ್ಮ ಟಿಪ್ಪಣಿ ವಿವರಣೆಯ ಮಾತುಗಳಿಂದಲೇ ತುಂಬಿರುತ್ತದೆ. ಹಾಗಾಗಿ ನಾನು ಹಿಂದಿನಿಂದ ಓದಲು ಶುರು ಮಾಡುತ್ತೇನೆ: ಮೊದಲು ಕ್ಲೈಮ್ 1, ವಿವರಣೆ ಆಮೇಲೆ. ಯಾಕೆ ಅನ್ನುವುದಕ್ಕೆ ಒಂದು ನಿಜವಾದ ಪ್ರಕರಣ ನೋಡೋಣ.

ಅಮೆರಿಕದ ಪೇಟೆಂಟ್ 5,153,050 ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ತಯಾರಿಕೆಗೆ ಸೇರಿದ್ದು. ಬೋರ್ಡಿಗೆ ಹಾಕುವ ತಾಮ್ರದ ಹಾಳೆ ತುಂಬಾ ತೆಳು. ಕೈಯಲ್ಲಿ ಹಿಡಿದರೆ ಸುಕ್ಕಾಗುತ್ತದೆ, ಕೊಳೆಯಾಗುತ್ತದೆ. ಅದಕ್ಕೆ ಬೇರೊಂದು ಲೋಹದ ಹಾಳೆಯನ್ನು ಅಂಟಿಸಿ ಆಧಾರ ಕೊಡುವುದು, ಕೆಲಸ ಮುಗಿದ ಮೇಲೆ ಆ ಹಾಳೆಯನ್ನು ತೆಗೆದುಬಿಡುವುದು, ಇದು ಉಪಾಯ.

ಕ್ಲೈಮ್ 1 ಒಂದೇ ಉದ್ದ ವಾಕ್ಯ. ಅದನ್ನು ತುಂಡು ಮಾಡಿದರೆ ಮುಖ್ಯವಾಗಿ ಇಷ್ಟು ಸಿಗುತ್ತದೆ: ಬೋರ್ಡಿನಲ್ಲಿ ಉಳಿಯುವ ತಾಮ್ರದ ಹಾಳೆ, ಆಮೇಲೆ ಎಸೆಯುವ ಅಲ್ಯೂಮಿನಿಯಂ ಹಾಳೆ, ಒಂದಕ್ಕೊಂದು ಎದುರಾಗುವ ಎರಡರ ಶುದ್ಧ ಮೈ, ಅಂಚಿನಲ್ಲಿ ಮಾತ್ರ ಎರಡನ್ನೂ ಸೇರಿಸುವ, ಬಾಗುವ ಅಂಟಿನ ಪಟ್ಟಿ, ಅಂಟಿಲ್ಲದ ಶುದ್ಧ ನಡುಭಾಗ. ಬೇರೆಯವರು ಮಾಡಿದ ವಸ್ತು ಕ್ಲೈಮಿನ ಮಾತಿಗೆ ನೇರವಾಗಿ ಸಿಕ್ಕಿಬೀಳಬೇಕಾದರೆ ಅದರಲ್ಲಿ ಇವೆಲ್ಲವೂ ಒಟ್ಟಿಗೆ ಇರಬೇಕು. ಇನ್ನೇನಾದರೂ ಹೆಚ್ಚಿಗೆ ಸೇರಿಸಿದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಆದರೆ ಇವುಗಳಲ್ಲಿ ಒಂದನ್ನು ಬಿಟ್ಟರೂ ಆ ವಸ್ತು ಕ್ಲೈಮಿನ ಮಾತಿನಿಂದ ಹೊರಗೆ ಬೀಳುತ್ತದೆ. ಉದಾಹರಣೆಗೆ, ಹಾಳೆಯ ಪೂರ್ತಿ ಮೈಗೆ ಅಂಟು ಬಳಿದರೆ ಅಂಟಿಲ್ಲದ ನಡುಭಾಗವೇ ಇರುವುದಿಲ್ಲ.

ಈಗ ವಿವರಣೆಗೆ ಬರೋಣ. ಸದ್ಯಕ್ಕೆ ಅಲ್ಯೂಮಿನಿಯಂ ಒಳ್ಳೆಯದು, ಆದರೆ ಸ್ಟೇನ್‌ಲೆಸ್ ಸ್ಟೀಲ್, ನಿಕಲ್ ಮಿಶ್ರಲೋಹದಂಥ ಬೇರೆ ಲೋಹಗಳನ್ನೂ ಬಳಸಬಹುದು ಎಂದು ಅಲ್ಲಿದೆ. ಸುಮ್ನೆ ಓದಿಕೊಂಡು ಹೋದವರು ತಮ್ಮ ಸಾರಾಂಶದಲ್ಲಿ ‘ತಾಮ್ರದ ಹಾಳೆಗೆ ಲೋಹದ ಆಧಾರ ಕೊಡುವುದನ್ನು ಈ ಪೇಟೆಂಟ್ ರಕ್ಷಿಸುತ್ತದೆ’ ಎಂದು ಬರೆದುಬಿಡುತ್ತಾರೆ. ‘ಲೋಹ’ ಎಂಬ ಆ ಒಂದು ಪದ ಬಂದಿರುವುದು ವಿವರಣೆಯಿಂದ, ಕ್ಲೈಮಿನಿಂದ ಅಲ್ಲ.

ಜಗಳವೂ ಅಲ್ಲೇ ಆಯಿತು. ಪೇಟೆಂಟಿನ ಒಡೆಯರು ಜಾನ್ಸನ್ ಅಂಡ್ ಜಾನ್‌ಸ್ಟನ್ ಅಸೋಸಿಯೇಟ್ಸ್. ಎದುರಾಳಿ ಆರ್. ಇ. ಸರ್ವಿಸ್ ಕಂಪನಿ ಆಧಾರಕ್ಕೆ ಬಳಸಿದ್ದು ಉಕ್ಕು. ಸಣ್ಣ ಬದಲಾವಣೆ ಮಾಡಿ ಅದೇ ಕೆಲಸವನ್ನು ಅದೇ ರೀತಿ ಮಾಡಿಸಿಕೊಂಡರೆ ಅದನ್ನೂ ಉಲ್ಲಂಘನೆ ಎಂದು ಹೇಳಬಹುದಾದ ಸಮಾನತೆಯ ನಿಯಮವೊಂದು ಅಲ್ಲಿದೆ. ಜ್ಯೂರಿ ಆ ನಿಯಮದ ಮೇಲೆ ಒಡೆಯರ ಪರ ತೀರ್ಪು ಕೊಟ್ಟಿತು. 2002ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ ಅದನ್ನು ತಳ್ಳಿಹಾಕಿತು. ವಿವರಣೆಯಲ್ಲಿ ಹೇಳಿ ಕ್ಲೈಮಿನಲ್ಲಿ ಕೇಳದೆ ಬಿಟ್ಟದ್ದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಂತೆ, ಸಮಾನತೆಯ ನಿಯಮ ಹಿಡಿದು ಅದನ್ನು ವಾಪಸ್ ಕೇಳುವಂತಿಲ್ಲ ಎಂದಿತು. ಅಂದರೆ ಉಕ್ಕಿನ ಬಗ್ಗೆ ಬರೆದ ಆ ಸಾಲು ಒಡೆಯರ ಹಕ್ಕನ್ನು ಬೆಳೆಸಲಿಲ್ಲ, ಅವರಿಗೇ ಅಡ್ಡಬಂತು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಇದನ್ನು ಅರಿತ ಮೇಲೆ ನಮ್ಮ ಸಾರಾಂಶ ಎರಡು ಭಾಗವಾಗಬೇಕು. ‘ರಕ್ಷಣೆ ಇರುವುದು’ ಎಂಬಲ್ಲಿ ಪ್ರತಿ ವಾಕ್ಯದ ಪಕ್ಕ ಕ್ಲೈಮ್ ಸಂಖ್ಯೆ ಬರೆಯಿರಿ: ‘ಅಂಚಿನಲ್ಲಿ ಮಾತ್ರ ಅಂಟಿಸಿದ ತಾಮ್ರ ಮತ್ತು ಅಲ್ಯೂಮಿನಿಯಂ ಜೋಡಿ (ಕ್ಲೈಮ್ 1)’. ಸಂಖ್ಯೆ ಸಿಗದ ವಾಕ್ಯ ‘ವಿವರಣೆ ಹೇಳುವುದು’ ಎಂಬ ಭಾಗಕ್ಕೆ ಹೋಗಲಿ: ‘ಉಕ್ಕು, ನಿಕಲ್ ಮಿಶ್ರಲೋಹವೂ ಆಗಬಹುದು ಎನ್ನುತ್ತದೆ’. ಕ್ರಿಯಾಪದದ ಮೇಲೂ ಕಣ್ಣಿಡಿ. ‘ರಕ್ಷಿಸುತ್ತದೆ’ ಎಂಬುದು ಮೊದಲ ಭಾಗದಲ್ಲಿ ಮಾತ್ರ ಬರಬೇಕು.

ಹಾಗಂತ ವಿವರಣೆಯನ್ನು ಪಕ್ಕಕ್ಕೆ ಎಸೆಯುವ ಹಾಗಿಲ್ಲ. ಅಂಟು ಎಷ್ಟು ಬಾಗಿದರೆ ‘ಬಾಗುವ’ ಅಂಟು? ಕ್ಲೈಮಿನ ಪದಗಳಿಗೆ ಅರ್ಥ ಹುಡುಕಲು ವಿವರಣೆಗೇ ಹೋಗಬೇಕು. ಅಲ್ಲಿ ಇನ್ನೊಂದು ತಪ್ಪಿನ ಜಾಗವಿದೆ: ವಿವರಣೆಯ ಉದಾಹರಣೆಯನ್ನೇ ಕ್ಲೈಮಿನ ಗಡಿ ಎಂದುಕೊಳ್ಳುವುದು. 2005ರ ಫಿಲಿಪ್ಸ್ ಪ್ರಕರಣದಲ್ಲಿ, ಗೋಡೆಯ ಪ್ಯಾನೆಲ್ ಒಳಗಿನ ಉಕ್ಕಿನ ತಡೆಗಳನ್ನು ಓರೆಯಾಗಿ ಇಟ್ಟರೆ ಗುಂಡು ದಿಕ್ಕು ಬದಲಿಸುತ್ತದೆ ಎಂದು ವಿವರಣೆ ಹೇಳಿತ್ತು. ಅಷ್ಟು ಮಾತ್ರಕ್ಕೆ ಓರೆಯಾಗಿ ಇಟ್ಟವೇ ‘ತಡೆ’ ಎಂದು ಕ್ಲೈಮನ್ನು ಕಿರಿದಾಗಿಸಲು ಅದೇ ನ್ಯಾಯಾಲಯ ಒಪ್ಪಲಿಲ್ಲ.

ಕೊನೆಗೆ, ಕೈಯಲ್ಲಿರುವುದು ಯಾವ ಹಂತದ ದಾಖಲೆ ನೋಡಿ. ಅಮೆರಿಕದ ಈಗಿನ ಪೇಟೆಂಟ್ ದಾಖಲೆಗಳಲ್ಲಿ ಸಂಖ್ಯೆಯ ಕೊನೆಗೆ `A1` ಇದ್ದರೆ ಅದು ಪ್ರಕಟವಾದ ಅರ್ಜಿ ಮಾತ್ರ. ಮಂಜೂರಾದದ್ದಕ್ಕೆ `B1` ಅಥವಾ `B2` ಇರುತ್ತದೆ. ಪರಿಶೀಲನೆಯಲ್ಲಿ ಕ್ಲೈಮ್‌ಗಳು ಬಹಳ ಸಲ ಕಿರಿದಾಗುತ್ತವೆ. ಹಾಗೆಯೇ, ‘ಉಕ್ಕು ಯಾರು ಬೇಕಾದರೂ ಬಳಸಬಹುದು’ ಎಂದು ಬರೆಯುವ ಮೊದಲು ಅದೇ ಕುಟುಂಬದ, ಅಂದರೆ ಅದೇ ಮೂಲ ಅರ್ಜಿಗೆ ನಂಟಿರುವ ಬೇರೆ ಅರ್ಜಿಗಳನ್ನು ಹುಡುಕಿ. ನಾವು ನೋಡಿದ ಪ್ರಕರಣದಲ್ಲೂ ಬಿಟ್ಟುಹೋದದ್ದನ್ನು ನೇರವಾಗಿ ಕೇಳುವ ಎರಡು ಮುಂದುವರಿಕೆ ಅರ್ಜಿಗಳನ್ನು ಒಡೆಯರು ಸಲ್ಲಿಸಿದ್ದರು ಎಂದು ತೀರ್ಪಿನಲ್ಲೇ ಇದೆ. ಆದ್ದರಿಂದ ನಿಮ್ಮ ವಾಕ್ಯ ‘5,153,050ರ ಈ ಕ್ಲೈಮಿನಲ್ಲಿ ಉಕ್ಕು ಇಲ್ಲ’ ಎಂಬಲ್ಲಿಗೆ ನಿಲ್ಲಲಿ.