ಅದೇ ಅಳತೆ: ಕಿರುಚಿತ್ರದ ಟೀಸರ್ ಬರೆಯುವಾಗ ಕಲಿತದ್ದು

ಟೀಸರ್ ಎಂದರೆ ಕಥೆಯನ್ನು ಚಿಕ್ಕದಾಗಿ ಹೇಳುವುದು ಎಂದುಕೊಂಡೇ ನಾನು ಮೊದಲ ಕರಡು ಬರೆದೆ. ಅಲ್ಲಿಯೇ ತಪ್ಪಿದ್ದು. ಕಥೆಯನ್ನು ಚಿಕ್ಕದು ಮಾಡುವುದು ಟ್ರೈಲರ್‌ನ ಕೆಲಸ. ಅದರಲ್ಲಿ ಪಾತ್ರಗಳು, ತೊಡಕು, ಅದರ ಏರಿಕೆ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತವೆ. ಹದಿಮೂರು ನಿಮಿಷದ ಕಿರುಚಿತ್ರಕ್ಕೆ ಹಾಗೆ ಮಾಡಹೊರಟರೆ ಕೊನೆಗೆ ನೋಡಲು ಉಳಿಯುವುದು ಏನೂ ಇರುವುದಿಲ್ಲ. ಟೀಸರ್‌ಗೆ ಒಂದೇ ಪ್ರಶ್ನೆ ಸಾಕು. ಆದರೆ ಆ ಪ್ರಶ್ನೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಕಷ್ಟದ ಭಾಗ. ಈ ಟಿಪ್ಪಣಿ ಅಷ್ಟಕ್ಕೇ ಸೀಮಿತ.

ನಮ್ಮ ಕಿರುಚಿತ್ರದ ಹೆಸರು 'ಅಳತೆ'. ಸಣ್ಣ ಊರಿನ ಒಬ್ಬ ದರ್ಜಿ. ಪ್ರತಿ ವರ್ಷ ದೀಪಾವಳಿಗೆ ಎರಡು ವಾರ ಇರುವಾಗ ಒಬ್ಬ ಹೆಂಗಸು ಬಂದು ಮಗನ ಅಂಗಿಗೆ ಬಟ್ಟೆ ಕೊಟ್ಟು ಹೋಗುತ್ತಾಳೆ. ಹುಡುಗ ಎಂದೂ ಬರುವುದಿಲ್ಲ. ಅಳತೆ ಮಾತ್ರ ಎಂಟು ವರ್ಷದಿಂದ ಬದಲಾಗಿಲ್ಲ. ಕೊನೆ ಏನೆಂದು ಇಲ್ಲಿಯೂ ಹೇಳುವುದಿಲ್ಲ. ಹೇಳದೆಯೇ ಇದನ್ನು ವಿವರಿಸಲು ಆಗದಿದ್ದರೆ ಟಿಪ್ಪಣಿ ಬರೆದೇನು ಪ್ರಯೋಜನ?

ಮೊದಲ ಕರಡಿನಲ್ಲಿ ಹನ್ನೊಂದನೇ ನಿಮಿಷದ ಒಂದು ದೃಶ್ಯ ಇಟ್ಟಿದ್ದೆವು. ಮಳೆಯಲ್ಲಿ ಬಸ್ ನಿಲ್ದಾಣ, ಕಲ್ಲುಬೆಂಚಿನ ಮೇಲೆ ದರ್ಜಿ ಮತ್ತು ಆ ಹೆಂಗಸು, ನಡುವೆ ಕಾಗದದ ಪೊಟ್ಟಣ. ಇಡೀ ಚಿತ್ರದಲ್ಲಿ ಅದಕ್ಕಿಂತ ಚೆಂದದ ಚೌಕಟ್ಟು ಇಲ್ಲ. ಕಥೆ ಗೊತ್ತಿದ್ದ ನಮಗೆ ಅದು ಬರೀ ಮಳೆಯ ದೃಶ್ಯವಾಗಿತ್ತು. ಕಥೆ ಗೊತ್ತಿಲ್ಲದ ಐದು ಜನರಿಗೆ ತೋರಿಸಿ, "ಕೊನೆಗೆ ಏನಾಗಬಹುದು?" ಎಂದು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿದೆವು. ಮೂವರು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿಬಿಟ್ಟರು. ಆ ದೃಶ್ಯದಲ್ಲಿ ರಹಸ್ಯವೇನೂ ಇರಲಿಲ್ಲ, ಆದರೆ ದರ್ಜಿ ಅಂಗಡಿ ಬಿಟ್ಟು ಹೊರಟಿದ್ದಾನೆ, ಹೆಂಗಸು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಾಳೆ ಎಂಬುದು ಕಣ್ಣಿಗೆ ಬೀಳುತ್ತಿತ್ತು. ಕೊನೆಯನ್ನು ಬಿಟ್ಟುಕೊಡುವುದು ಹೆಚ್ಚಾಗಿ ಘಟನೆಯಲ್ಲ, ಇಬ್ಬರ ಸಂಬಂಧ ಬದಲಾಗಿದೆ ಎಂದು ತೋರಿಸುವ ದೃಶ್ಯ. ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರ ಬಟ್ಟೆ ಬದಲಾಗಿದೆ, ಯಾರು ಮೊದಲ ಸಲ ನಗುತ್ತಿದ್ದಾರೆ ಎಂಬುದನ್ನು ನೋಡುವವರು ನಾವು ಎಣಿಸಿದ್ದಕ್ಕಿಂತ ಬೇಗ ಓದುತ್ತಾರೆ.

ಹಾಗಾಗಿ ಎರಡನೇ ಕರಡಿಗೆ ಒಂದು ಕಟ್ಟು ಹಾಕಿಕೊಂಡೆವು: ಆರನೇ ನಿಮಿಷದ ಆಚೆಗಿನ ಯಾವ ದೃಶ್ಯವೂ ಬೇಡ, ಯಾವ ಸದ್ದೂ ಬೇಡ. ಸದ್ದಿನ ಮಾತು ಮುಖ್ಯ. ನೋಟವನ್ನು ಎಚ್ಚರದಿಂದ ಆರಿಸಿ, ಹಿನ್ನೆಲೆಗೆ ಮಾತ್ರ ಕೊನೆಯ ದೃಶ್ಯದ ಸಂಗೀತವನ್ನೇ ಹಾಕಿ ಗುಟ್ಟು ಕೊಟ್ಟುಬಿಡುವವರು ಇದ್ದಾರೆ. ನಮ್ಮ ಮೊದಲ ಕರಡಿನಲ್ಲೂ ಹಾಗೆಯೇ ಆಗಿತ್ತು.

ಕೊನೆಗೆ ನಿಂತ ಬರಹ ಇದು. ಒಟ್ಟು 40 ಸೆಕೆಂಡು.

0–5: ಕಪ್ಪು ಪರದೆ. ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಸದ್ದು ಮಾತ್ರ.

5–10: ಅಳತೆ ಪುಸ್ತಕದ ಒಂದು ಪುಟ, ತೀರ ಹತ್ತಿರದಿಂದ. ಎದೆ 26, ಉದ್ದ 19, ಭುಜ 11. ಬೆರಳು ಪುಟ ತಿರುಗಿಸುತ್ತದೆ. ಪೆಡಲ್ ಸದ್ದು ಮುಂದುವರಿಯುತ್ತದೆ.

10–16: ಇನ್ನೊಂದು ಪುಟ, ಬೇರೆ ಶಾಯಿ. 26, 19, 11. ಮತ್ತೊಂದು ಪುಟ. 26, 19, 11.

16–22: ಮೇಜಿನ ಮೇಲೆ ಬಟ್ಟೆ ಇಡುವ ಹೆಂಗಸಿನ ಕೈಗಳು. ಮುಖ ಕಾಣುವುದಿಲ್ಲ. ದರ್ಜಿಯ ಧ್ವನಿ: "ಹುಡುಗನನ್ನು ಒಮ್ಮೆ ಕರೆದುಕೊಂಡು ಬನ್ನಿ ತಾಯಿ. ಬೆಳೆದಿರುತ್ತಾನೆ."

22–28: ಪೆಡಲ್ ನಿಲ್ಲುತ್ತದೆ. ದರ್ಜಿಯ ಮುಖ. ಹೆಂಗಸಿನ ಧ್ವನಿ: "ಅದೇ ಅಳತೆಗೇ ಹೊಲಿಯಿರಿ."

28–32: ಕಪ್ಪು. ಶೀರ್ಷಿಕೆ: ಅಳತೆ. ನಿಶ್ಶಬ್ದ.

32–40: ಹರಡಿದ ಬಟ್ಟೆ, ಟೇಪು. ದರ್ಜಿಯ ಕೈ 26ರ ಮೇಲೆ ಚಾಕ್ ಇಡುತ್ತದೆ. ತಡೆಯುತ್ತದೆ. ಒಂದು ಇಂಚು ಆಚೆ ಸರಿದು ಗೆರೆ ಎಳೆಯುತ್ತದೆ. ಕತ್ತರಿಯ ಮೊದಲ ಕಚ್ಚಿನ ಸದ್ದು. ಕಪ್ಪು.

ಈಗ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಮೂರನೇ ಪುಟದ ಹೊತ್ತಿಗೇ ನೋಡುವವರು "ಹುಡುಗ ಬದುಕಿಲ್ಲ" ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಆ ಊಹೆಯನ್ನು ತಡೆಯಲು ಹೋಗಬಾರದು, ತಡೆದಷ್ಟೂ ಅದು ಗಟ್ಟಿಯಾಗುತ್ತದೆ. ಆದರೆ ಟೀಸರ್ ಅಲ್ಲಿಗೇ ಮುಗಿದರೆ ನೋಡಿದವರು ಉತ್ತರ ಸಿಕ್ಕಿತು ಎಂದು ಎದ್ದುಹೋಗುತ್ತಾರೆ. ಆ ಉತ್ತರ ಸರಿಯೋ ತಪ್ಪೋ ಎಂಬುದು ಆಗ ಮುಖ್ಯವೇ ಅಲ್ಲ. ಅದಕ್ಕಾಗಿ ಶೀರ್ಷಿಕೆ ಬಂದ ಮೇಲೆ ಆ ಒಂದು ಇಂಚು. ಅಲ್ಲಿಯವರೆಗೆ ಪ್ರಶ್ನೆ ಹುಡುಗನದಾಗಿತ್ತು, ಈಗ ದರ್ಜಿಯದಾಯಿತು: ಹೇಳಿದ್ದನ್ನು ಮೀರಿ ಇವನು ಯಾಕೆ ಹೀಗೆ ಮಾಡಿದ? ಅಂಗಿ ಕೈಗೆ ಬಂದಾಗ ಅವಳು ಏನು ಮಾಡುತ್ತಾಳೆ? ಇದು ಚಿತ್ರದ ಐದನೇ ನಿಮಿಷದಲ್ಲಿ ನಡೆಯುವ ಕೆಲಸ. ಅದನ್ನು ತೋರಿಸಿದರೆ ಏನೂ ಕಳೆದುಹೋಗುವುದಿಲ್ಲ, ಏಕೆಂದರೆ ಅದು ಮಾಡಿದ ಕೆಲಸವೇ ಹೊರತು ಅದರ ಫಲವಲ್ಲ. ಕೊನೆ ಇರುವುದು ಫಲದಲ್ಲಿ.

ದರ್ಜಿಯ ಮುಖದ ಬಗ್ಗೆ ಒಂದು ಗುಟ್ಟು. ಆ ತುಣುಕು ಹೆಂಗಸಿನ ಜೊತೆಗಿನ ದೃಶ್ಯದ್ದಲ್ಲ. ಎರಡನೇ ನಿಮಿಷದಲ್ಲಿ ಕರೆಂಟು ಹೋದಾಗ ಅವನು ಬಲ್ಬಿನ ಕಡೆ ನೋಡುವುದು. "ಅದೇ ಅಳತೆಗೇ" ಎಂಬ ಮಾತಿನ ಪಕ್ಕ ಇಟ್ಟ ಕೂಡಲೇ ಅದು ಹೆದರಿಕೆಯಂತೆ ಕಂಡಿತು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ಒಮ್ಮೆ ಹಸಿವು, ಒಮ್ಮೆ ದುಃಖ ಕಾಣುತ್ತದೆ. ಇದು ಮೋಸವಲ್ಲವೇ ಎಂದು ತಂಡದಲ್ಲಿ ವಾದವಾಯಿತು. ನನ್ನ ಲೆಕ್ಕದಲ್ಲಿ ಮುಖವನ್ನು ಎರವಲು ಪಡೆಯಬಹುದು, ಘಟನೆಯನ್ನು ಹುಟ್ಟಿಸಬಾರದು. ಚಿತ್ರದಲ್ಲಿ ಇಲ್ಲದ ರಕ್ತದ ಕಲೆಯನ್ನು ಟೀಸರ್‌ನಲ್ಲಿ ತೋರಿಸಿದರೆ, ಚಿತ್ರ ನೋಡಲು ಬಂದವರು ಹದಿಮೂರು ನಿಮಿಷವೂ ಅದನ್ನೇ ಕಾಯುತ್ತಾರೆ.

ಪರದೆಯ ಮೇಲೆ ಅಕ್ಷರದಲ್ಲಿ ಬರುವ ಮಾತಿನ ಪಟ್ಟಿಗಳನ್ನು ತೆಗೆದುಹಾಕಿದೆವು. "ಕೆಲವು ಗಾಯಗಳು ಮಾಸುವುದಿಲ್ಲ" ಎಂದು ಬರೆದಿದ್ದ ಒಂದು ಪಟ್ಟಿ ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಂಥ ಸಾಲು ಪ್ರಶ್ನೆ ಹುಟ್ಟುವ ಮೊದಲೇ ಯಾವ ಭಾವ ತಾಳಬೇಕೆಂದು ಹೇಳಿಕೊಡುತ್ತದೆ.

ಕಪ್ಪು ಪರದೆಯ ಮೊದಲ ಐದು ಸೆಕೆಂಡು ಸಭಾಂಗಣದಲ್ಲಿ ಚೆನ್ನಾಗಿ ಕೆಲಸ ಮಾಡಿತು, ಜನ ಮಾತು ನಿಲ್ಲಿಸಿದರು. ಮೊಬೈಲಿನಲ್ಲಿ ಅದೇ ಐದು ಸೆಕೆಂಡು ಶತ್ರು. ಸದ್ದು ಮುಚ್ಚಿಟ್ಟು ನೋಡುವವರಿಗೆ ಅದು ಏನೂ ಇಲ್ಲದ ಪರದೆ, ಬೆರಳು ಮುಂದಕ್ಕೆ ಹೋಗುತ್ತದೆ. ಅವರಿಗಾಗಿ ಅಳತೆ ಪುಸ್ತಕದಿಂದಲೇ ಶುರುವಾಗುವ 35 ಸೆಕೆಂಡಿನ ಇನ್ನೊಂದು ಪ್ರತಿ ಮಾಡಿ, ಎರಡು ಸಂಭಾಷಣೆಗಳನ್ನೂ ಅಕ್ಷರದಲ್ಲಿ ಕೊಟ್ಟೆವು. ಪುಟದ ಅಂಕಿಗಳು ಸದ್ದಿಲ್ಲದೆಯೂ ಓದಿಸಿಕೊಳ್ಳುತ್ತವೆ, ಅದೇ ಅನುಕೂಲ.

ಎರಡನೇ ಸಲವೂ ಐದು ಹೊಸ ಜನರಿಗೆ ತೋರಿಸಿದೆವು. ಹಳೆಯ ಐವರು ಇದಕ್ಕೆ ಬರುವುದಿಲ್ಲ, ಅವರಿಗೆ ಬಸ್ ನಿಲ್ದಾಣ ಗೊತ್ತು. ಐವರೂ ಹುಡುಗನ ಬಗ್ಗೆ ಒಂದೇ ಊಹೆ ಹೇಳಿದರು. ಆಮೇಲೆ ನಾಲ್ವರು, ನಾವು ಕೇಳದೆಯೇ, "ಅವನು ಒಂದಿಂಚು ಜಾಸ್ತಿ ಬಿಟ್ಟನಲ್ಲ, ಯಾಕೆ?" ಎಂದರು. ಐದನೆಯವರು ಚಾಕ್ ಸರಿದದ್ದನ್ನು ಗಮನಿಸಿರಲೇ ಇಲ್ಲ. ಆ ತುಣುಕಿನಲ್ಲಿ ಟೇಪಿನ ಅಂಕಿಗಳು ಮಸುಕಾಗಿದ್ದವು. ಮರುದಿನ ಬೆಳಕನ್ನು ಪಕ್ಕದಿಂದ ಕೊಟ್ಟು ಆ ಎಂಟು ಸೆಕೆಂಡನ್ನು ಮಾತ್ರ ಮತ್ತೆ ಚಿತ್ರೀಕರಿಸಿದೆವು.