ಉಗ್ಗುವವರ ಮಾತು ಸಿಕ್ಕಿಕೊಂಡಾಗ ನಾವು ಏನು ಮಾಡಬೇಕು?

ಪ್ರಶ್ನೆ: ನಮ್ಮ ಪಾರ್ಸೆಲ್ ಆಫೀಸಿಗೆ ಹೊಸದಾಗಿ ಒಬ್ಬ ಹುಡುಗ ಸೇರಿದ್ದಾನೆ. ಕೆಲಸದಲ್ಲಿ ಚುರುಕು, ಆದರೆ ಉಗ್ಗು ಇದೆ. ಮಾತು ಸಿಕ್ಕಿಕೊಂಡಾಗ ಪಾಪ ಅನ್ನಿಸಿ ಮುಂದಿನ ಪದ ನಾನೇ ಹೇಳಿಬಿಡುತ್ತೇನೆ. ಅವನಿಗೆ ಅದು ಇಷ್ಟವಾಗುತ್ತಿಲ್ಲ ಅಂತ ಕಾಣುತ್ತದೆ. ಸುಮ್ಮನೆ ನಿಂತರೂ ಕಷ್ಟ, ಹೇಳಿದರೂ ಕಷ್ಟ. ಏನು ಮಾಡಲಿ?

ಉತ್ತರ: ಸುಮ್ಮನೆ ನಿಲ್ಲಿ. ಹೇಗೆ ನಿಲ್ಲಬೇಕು ಅನ್ನುವುದನ್ನು ಸ್ವಲ್ಪ ನೋಡೋಣ.

ಅವನಿಗೆ ಪದ ನೆನಪಾಗದೆ ನಿಂತಿರುವುದಿಲ್ಲ. ಏನು ಹೇಳಬೇಕು ಅಂತ ಚೆನ್ನಾಗಿ ಗೊತ್ತಿರುತ್ತದೆ, ಬಾಯಿಂದ ಹೊರಡುವುದಿಲ್ಲ ಅಷ್ಟೆ. ಕೆಲವೊಮ್ಮೆ ಮೊದಲ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಕೆಲವೊಮ್ಮೆ ಎಳೆಯುತ್ತದೆ, ಇನ್ನು ಕೆಲವೊಮ್ಮೆ ದನಿಯೇ ಬರದೆ ಬಾಯಿ ಹಾಗೇ ನಿಂತುಬಿಡುತ್ತದೆ. ನಮಗೆ ಕೈ ಚಾಚಬೇಕು ಅನ್ನಿಸುವುದು ಹೆಚ್ಚಾಗಿ ಈ ಮೂರನೆಯದರಲ್ಲಿ.

ನಿಮ್ಮ ಆಫೀಸಿನದ್ದೇ ಒಂದು ಸಂದರ್ಭ ಅಂದುಕೊಳ್ಳಿ. ಅವನು ಪಾರ್ಸೆಲ್ ತೋರಿಸುತ್ತಾ "ಇದು ಮಂ... ಮಂ..." ಅಂತ ನಿಲ್ಲುತ್ತಾನೆ. ನೀವು "ಮಂಗಳೂರಾ?" ಅನ್ನುತ್ತೀರಿ. ಅವನು ಹೇಳಹೊರಟಿದ್ದು ಮಂಡ್ಯ. ಈಗ ಮೊದಲು "ಅಲ್ಲ" ಅನ್ನಬೇಕು, ಆಮೇಲೆ ಅದೇ "ಮಂ"ಗೆ ವಾಪಸ್ ಹೋಗಬೇಕು, ಅದೂ ನೀವು ಕಾಯುತ್ತಿದ್ದೀರಿ ಅನ್ನುವ ಒತ್ತಡದಲ್ಲಿ. ಈ ರಗಳೆ ಬೇಡ ಅಂತ ಎಷ್ಟೋ ಜನ ತಲೆಯಾಡಿಸಿಬಿಡುತ್ತಾರೆ. ಪಾರ್ಸೆಲ್ ಮಂಗಳೂರಿನ ಗಾಡಿ ಹತ್ತುತ್ತದೆ. ಸಂಜೆ ಬೈಗುಳವೂ ಅವನಿಗೇ! ನಿಮ್ಮ ಊಹೆ ಸರಿಯಾಗಿದ್ದರೂ ಇನ್ನೊಂದು ತೊಂದರೆ ಉಳಿಯುತ್ತದೆ. ತನಗೆ ಸಮಯ ಕಡಿಮೆ, ಬೇಗ ಮುಗಿಸಬೇಕು ಅಂತ ಅವನಿಗೆ ಅನ್ನಿಸುತ್ತದೆ. ಆತುರಪಟ್ಟಷ್ಟೂ ಮಾತು ಜಾಸ್ತಿ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಕಾಯಿರಿ. ನಿಮಗೆ ಅರ್ಧ ಗಂಟೆಯಂತೆ ಅನ್ನಿಸುವ ಆ ಮೌನ ಸಾಮಾನ್ಯವಾಗಿ ಕೆಲವು ಸೆಕೆಂಡು ಮಾತ್ರ. ಆ ಹೊತ್ತಿನಲ್ಲಿ ಎಂದಿನಂತೆ ಮುಖ ನೋಡುತ್ತಿರಿ. ಬಾಯಿಯನ್ನೇ ದಿಟ್ಟಿಸುವುದೂ ಬೇಡ, ಮುಜುಗರಕ್ಕೆ ಮೊಬೈಲ್ ಕಡೆ ತಿರುಗುವುದೂ ಬೇಡ. "ಹ್ಞೂಂ ಹ್ಞೂಂ ಹ್ಞೂಂ" ಅಂತ ಬೇಗ ಬೇಗ ತಲೆಯಾಡಿಸಬೇಡಿ, ಅದು ತಾಳ್ಮೆಯಂತೆ ಕಂಡರೂ ಅವಸರವೇ. ಕಣ್ಣು ಮಿಟುಕಿಸಿದರೆ, ಕೈ ತೊಡೆಗೆ ಬಡಿದುಕೊಂಡರೆ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಬೇಡಿ. ಮಾತನ್ನು ಹೊರಗೆ ತಳ್ಳಲು ದೇಹ ಮಾಡುವ ಪ್ರಯತ್ನ ಅದು.

"ನಿಧಾನ, ಉಸಿರು ತಗೊಂಡು ಹೇಳು" ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವ ಸಲಹೆ. ಅವನು ಅದನ್ನು ಒಂದನೇ ಕ್ಲಾಸಿನಿಂದ ಕೇಳಿಕೊಂಡೇ ಬಂದಿರುತ್ತಾನೆ. ಹೆದರಿಕೆಯಿಂದ ಉಗ್ಗು ಬರುತ್ತದೆ ಅನ್ನುವ ನಂಬಿಕೆ ಅದರ ಹಿಂದಿದೆ. ಹೆದರಿಕೆ ಉಗ್ಗನ್ನು ಜಾಸ್ತಿ ಮಾಡಬಹುದು, ಆದರೆ ಅದರ ಮೂಲ ಅಲ್ಲ. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ರೀತಿಯಲ್ಲೇ ವ್ಯತ್ಯಾಸ ಇರುತ್ತದೆ, ಅನೇಕ ಮನೆಗಳಲ್ಲಿ ಅದು ವಂಶದಲ್ಲೂ ಕಾಣುತ್ತದೆ. ಅವನಿಗೆ ನಿಧಾನ ಅನ್ನುವ ಬದಲು ನೀವೇ ಸ್ವಲ್ಪ ನಿಧಾನವಾಗಿ ಮಾತಾಡಿ. ಅವನು ಮುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಉತ್ತರ ಕೊಡಿ. ಆಗ ಮಾತುಕತೆಯ ಓಟವೇ ಕಡಿಮೆಯಾಗುತ್ತದೆ, ಯಾರೂ ಯಾರಿಗೂ ಬುದ್ಧಿ ಹೇಳಿದ ಹಾಗೂ ಆಗುವುದಿಲ್ಲ.

ನಿಜವಾಗಿಯೂ ಅರ್ಥವಾಗದಿದ್ದರೆ? ಅರ್ಥವಾದಂತೆ ನಟಿಸಬೇಡಿ. "ಮಂಡ್ಯದ ಪಾರ್ಸೆಲ್ ಅನ್ನುವ ತನಕ ತಿಳೀತು, ಆಮೇಲಿನದ್ದು ಇನ್ನೊಂದ್ಸಲ ಹೇಳಪ್ಪ" ಅನ್ನಿ. ಪೂರ್ತಿ ಮತ್ತೆ ಮೊದಲಿಂದ ಹೇಳುವ ಕೆಲಸ ಅವನಿಗೆ ತಪ್ಪುತ್ತದೆ.

ಉಗ್ಗು ದಿನದಿಂದ ದಿನಕ್ಕೆ, ಎದುರಿಗಿರುವವರನ್ನು ನೋಡಿಕೊಂಡು ಬದಲಾಗುತ್ತದೆ. "ನಿನ್ನೆ ಸರಿಯಾಗಿ ಮಾತಾಡಿದ್ಯಲ್ಲ" ಅಂತ ಕೇಳಬೇಡಿ. ಚೆನ್ನಾಗಿ ಮಾತಾಡಿದ ದಿನ ಹೊಗಳುವುದೂ ಬೇಡ, ಹೊಗಳಿದರೆ ನೀವು ಲೆಕ್ಕ ಇಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ. ಹೆಸರು ಹೇಳುವಾಗ ಬಹಳ ಜನರಿಗೆ ತೊಂದರೆ ಜಾಸ್ತಿ, ಯಾಕೆಂದರೆ ಬೇರೆ ಪದವನ್ನು ಬದಲಿಗೆ ಹಾಕಿ ತಪ್ಪಿಸಿಕೊಳ್ಳಬಹುದು, ಹೆಸರಿಗೆ ಬದಲಿ ಇಲ್ಲ. ತನ್ನ ಹೆಸರೇ ಮರೆತನಾ ಅಂತ ತಮಾಷೆ ಮಾಡುವವರು ಆಫೀಸಿನಲ್ಲಿದ್ದರೆ ನೀವೇ ಅಲ್ಲೇ ತಡೆಯಿರಿ.

ಫೋನ್ ಇನ್ನೂ ಕಷ್ಟ, ಅಲ್ಲಿ ಮುಖ ಕಾಣುವುದಿಲ್ಲ. ನೀವು ಫೋನ್ ಎತ್ತಿದಾಗ ಆ ಕಡೆ ಸದ್ದಿಲ್ಲ ಅಂತ ತಕ್ಷಣ ಇಟ್ಟುಬಿಡಬೇಡಿ. ಅವನ ನಂಬರ್ ಆದರೆ "ಹೇಳು, ಲೈನಲ್ಲಿದ್ದೀನಿ" ಅಂತ ಒಮ್ಮೆ ಹೇಳಿ ಸುಮ್ನಿರಿ.

ಎಲ್ಲರೂ ಒಂದೇ ಥರ ಬಯಸುವುದಿಲ್ಲ ಅನ್ನುವುದೂ ನಿಜ. ಕೆಲವರು ತೀರಾ ಸಿಕ್ಕಿಕೊಂಡಾಗ ಪದ ಹೇಳಿಕೊಟ್ಟರೆ ಬೇಡ ಅನ್ನುವುದಿಲ್ಲ. ಹಾಗಾಗಿ ಊಟದ ಹೊತ್ತಿನಲ್ಲಿ, ಬೇರೆ ಯಾರೂ ಇಲ್ಲದಾಗ ಒಮ್ಮೆ ಕೇಳಿ: "ನೀನು ಮಾತಾಡುವಾಗ ನಾನು ಮಧ್ಯೆ ಪದ ಹೇಳ್ತಿದ್ದೆ. ಅದು ಬೇಕಾ, ಬೇಡವಾ?" ಉತ್ತರ ಸಿಕ್ಕ ಮೇಲೆ ಆ ವಿಷಯ ಮತ್ತೆ ಎತ್ತಬೇಡಿ.